ಹಣಕ್ಕೆ ಕಾಗದ, ಫೋಟೊಗೆ ಕೀಲಿ: ಸುಳಕೂಡದ ಬಚತ ಗಟಗಳಿಗೆ ಒಂದು ಬಹಿರಂಗ ಪತ್ರ

ಸುಳಕೂಡ ಮತ್ತು ದೂಧಗಂಗೆಯ ದಂಡೆಯ ಊರುಗಳ ಬಚತ ಗಟದ ಅಕ್ಕಂದಿರೆ, ತಂಗಿಯಂದಿರೆ,

ನಿಮ್ಮೂರಲ್ಲಿ ಹೊಲದ ಯಜಮಾನ ತೀರಿಕೊಂಡರೆ ಮುಂದಿನ ದಾರಿ ಎಲ್ಲರಿಗೂ ಗೊತ್ತು. ದಿನಕರ್ಮ ಮುಗಿಸಿ ತಲಾಠಿ ಕಚೇರಿಗೆ ಹೋಗುತ್ತೀರಿ, ವಾರಸಾ ನೋಂದ ಹಾಕಿಸುತ್ತೀರಿ, ಫೇರಫಾರ ಆಗುತ್ತದೆ, ಸಾತಬಾರಾ ಉತಾರದ ಮೇಲೆ ಹೆಂಡತಿ ಮಕ್ಕಳ ಹೆಸರು ಬರುತ್ತವೆ. ಮೂರು ತಿಂಗಳೊಳಗೆ ವರದಿ ಕೊಡಬೇಕೆಂಬ ನಿಯಮವೂ ಊರಿನ ಹಿರಿಯರ ಬಾಯಲ್ಲಿದೆ. ಆದರೆ ಅದೇ ಯಜಮಾನನ ಅಂಗಿಯ ಕಿಸೆಯಲ್ಲಿದ್ದ ಮೊಬೈಲಿಗೆ ವಾರಸ ಯಾರು? ಅದರಲ್ಲಿರುವ ದುಡ್ಡು, ಹತ್ತು ವರ್ಷದ ಫೋಟೊ, ಇಮೇಲು, ಷೇರು ಯಾರಿಗೆ ಸೇರುತ್ತವೆ, ಹೇಗೆ ಸಿಗುತ್ತವೆ? ಈ ಪ್ರಶ್ನೆಗೆ ಉತ್ತರ ಹೇಳುವ ಹಿರಿಯರು ಇನ್ನೂ ಯಾವ ಊರಲ್ಲೂ ತಯಾರಾಗಿಲ್ಲ. ನಾನು ನಿಪ್ಪಾಣಿ ಕಡೆಯವನು, ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ತೀರಿಕೊಂಡವರ ಖಾತೆಯ ಅರ್ಜಿಗಳನ್ನು ನೋಡುವ ಮೇಜಿನಲ್ಲಿ ಬಹಳ ಕಾಲ ಕೂತಿದ್ದೆ. ಆ ಮೇಜಿನ ಮುಂದೆ ಬಂದು ನಿಂತವರಲ್ಲಿ ಹೆಚ್ಚಿನವರು ನಿಮ್ಮಂಥ ಹೆಣ್ಣುಮಕ್ಕಳು. ಅದಕ್ಕೇ ಈ ಪತ್ರ ನಿಮಗೆ.

ಮೊದಲು ಒಂದು ಭೇದ ಮನಸ್ಸಿನಲ್ಲಿರಲಿ. ಮೊಬೈಲಿನಲ್ಲಿ ಕಾಣುವ ವಸ್ತುಗಳು ಎರಡು ಬಗೆ. ಬ್ಯಾಂಕಿನ ಹಣ, ಷೇರು, ವಿಮೆ ಮೊದಲನೆಯ ಬಗೆ. ಇವನ್ನು ಪಡೆಯಲು ಪಾಸ್‌ವರ್ಡ್ ಬೇಕಿಲ್ಲ. ಮರಣದ ದಾಖಲೆ ಮತ್ತು ವಾರಸುದಾರರ ಕಾಗದ ಇದ್ದರೆ ಕಾಯ್ದೆಯೇ ಕೊಡಿಸುತ್ತದೆ. ಅವು ಎಲ್ಲಿವೆ ಎಂದು ಮನೆಯವರಿಗೆ ಗೊತ್ತಿದ್ದರೆ ಸಾಕು. ಫೋಟೊ, ಲಾಕ್ ಆದ ಫೋನು, ಸ್ವಂತ ವ್ಯಾಲೆಟ್‌ನಲ್ಲಿಟ್ಟ ಬಿಟ್‌ಕಾಯಿನ್ ಎರಡನೆಯ ಬಗೆ. ಇಲ್ಲಿ ಹಕ್ಕು ನಿಮ್ಮದೇ ಇದ್ದರೂ ಕೀಲಿ ಇಲ್ಲದಿದ್ದರೆ ಕೈಗೆ ಸಿಗುವುದು ಕಷ್ಟ, ಕೆಲವು ಎಂದಿಗೂ ಸಿಗುವುದಿಲ್ಲ. ಜನ ಮಾಡುವುದು ಇದರ ತಿರುವುಮುರುವು. ಬರೆದಿಡಬಾರದ ಯುಪಿಐ ಪಿನ್ ಮನೆಮಂದಿಗೆಲ್ಲ ಗೊತ್ತಿರುತ್ತದೆ, ಬರೆದಿಡಲೇಬೇಕಾದ ಇಮೇಲ್ ವಿಳಾಸ ಹೆಂಡತಿಗೂ ಗೊತ್ತಿರುವುದಿಲ್ಲ.

ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಯಜಮಾನನಿಗೆ 48 ವರ್ಷ. ಮನೆ ಸುಳಕೂಡದಲ್ಲಿ, ದುಡಿಮೆ ಇಚಲಕರಂಜಿಯ ಪಾವರಲೂಮ್‌ನಲ್ಲಿ. ಮನೆಯಲ್ಲಿ ವಯಸ್ಸಾದ ತಾಯಿ, ಹೆಂಡತಿ, ಕೊಲ್ಹಾಪುರದಲ್ಲಿ ಓದುವ ಮಗ. ಮಗಳನ್ನು ನಿಪ್ಪಾಣಿಗೆ ಕೊಟ್ಟಿದೆ. ಇಚಲಕರಂಜಿಯ ಒಂದು ಸಹಕಾರಿ ಬ್ಯಾಂಕಿನಲ್ಲಿ ಅವನ ಹೆಸರಲ್ಲಿ 3,20,000 ರೂಪಾಯಿ. ಮದುವೆಗೆ ಮೊದಲು ತೆರೆದ ಖಾತೆಯಾದ್ದರಿಂದ ನಾಮಿನಿ ಜಾಗದಲ್ಲಿ ತಾಯಿಯ ಹೆಸರಿದೆ. ಕಾಗಲದ ಒಂದು ಸರಕಾರಿ ಬ್ಯಾಂಕಿನಲ್ಲಿ 1,85,000 ರೂಪಾಯಿ, ನಾಮಿನಿ ಯಾರೂ ಇಲ್ಲ. ಮೊಬೈಲ್ ಆ್ಯಪ್ ಮೂಲಕ ಕೊಂಡ ಸ್ವಲ್ಪ ಷೇರು ಇವೆ, ಮನೆಯವರಿಗೆ ಗೊತ್ತಿಲ್ಲ. ಫೋಟೊಗಳೆಲ್ಲ ಗೂಗಲ್‌ನಲ್ಲಿ. ಒಂದು ದಿನ ಎದೆನೋವು ಬಂದು ಬೆಳಗಾವಿಯ ಆಸ್ಪತ್ರೆಗೆ ಒಯ್ಯುತ್ತಾರೆ, ಅಲ್ಲೇ ತೀರಿಕೊಳ್ಳುತ್ತಾನೆ.

ಗಡಿಯ ಜನರಿಗೆ ಮೊದಲ ತೊಡಕು ಇಲ್ಲೇ ಶುರುವಾಗುತ್ತದೆ. ಮರಣ ಎಲ್ಲಿ ಸಂಭವಿಸಿತೋ ಅಲ್ಲೇ ನೋಂದಣಿಯಾಗಬೇಕು, 21 ದಿನದೊಳಗೆ. ಬೆಳಗಾವಿಯಲ್ಲಿ ತೀರಿಕೊಂಡವರಿಗೆ ಸುಳಕೂಡದ ಗ್ರಾಮಪಂಚಾಯತಿ ದಾಖಲೆ ಕೊಡುವುದಿಲ್ಲ. ಆ ದಾಖಲೆ ಬರುವುದು ಕನ್ನಡ ಮತ್ತು ಇಂಗ್ಲಿಷಿನಲ್ಲಿ, ಪಾಸ್‌ಬುಕ್ ಇರುವುದು ಮರಾಠಿ ಮತ್ತು ಇಂಗ್ಲಿಷಿನಲ್ಲಿ. ನಿಮ್ಮ ಕಡೆ ಹೆಸರು, ತಂದೆಯ ಹೆಸರು, ಅಡ್ಡಹೆಸರು ಮೂರನ್ನೂ ಬರೆಯುತ್ತಾರೆ. ನಮ್ಮ ಕಡೆ ಎಷ್ಟೋ ಸಲ ಇನಿಶಿಯಲ್‌ನಲ್ಲೇ ಮುಗಿಸುತ್ತಾರೆ. ಆಸ್ಪತ್ರೆಯ ಗುಮಾಸ್ತ ದುಃಖದ ಗದ್ದಲದಲ್ಲಿ ಕೇಳಿಸಿದಂತೆ ಬರೆದ ಒಂದು ಅಕ್ಷರದಿಂದ ಮುಂದೆ ತಿಂಗಳುಗಟ್ಟಲೆ ಅಲೆದವರನ್ನು ನಾನು ಬಲ್ಲೆ. ಮನೆಯ ಯಾರಾದರೂ ಒಬ್ಬರು ಆಧಾರ್ ಕಾರ್ಡ್ ಹಿಡಿದು ನಿಂತು, ಅದರಲ್ಲಿರುವ ಅಕ್ಷರಕ್ಕೆ ಅಕ್ಷರ ಕೂಡಿಸಿ ಬರೆಸಬೇಕು. ದಾಖಲೆಯ ಪ್ರತಿಗಳನ್ನು ಆಗಲೇ ನಾಲ್ಕಾರು ತೆಗೆದಿಟ್ಟುಕೊಳ್ಳಬೇಕು.

ಎರಡನೆಯ ತೊಡಕು ಮನೆಯೊಳಗಿನದು. ಮಗನಿಗೆ ಅಪ್ಪನ ಯುಪಿಐ ಪಿನ್ ಗೊತ್ತು. ಖರ್ಚಿಗೆ ಹಣ ಬೇಕು. ಮೂರನೆಯ ದಿನ ಅಪ್ಪನ ಫೋನಿನಿಂದ ತನ್ನ ಖಾತೆಗೆ 50,000 ರೂಪಾಯಿ ಹಾಕಿಕೊಳ್ಳುತ್ತಾನೆ. ಅವನ ಮನಸ್ಸಿನಲ್ಲಿ ಕಪಟವಿಲ್ಲ. ಆದರೆ ಖಾತೆದಾರ ಸತ್ತ ಕ್ಷಣದಿಂದ ಆ ಹಣ ವಾರಸುದಾರರೆಲ್ಲರದು, ಸತ್ತವನ ಪಿನ್ ಬಳಸುವ ಅಧಿಕಾರ ಯಾರಿಗೂ ಇಲ್ಲ. ಸ್ಟೇಟ್‌ಮೆಂಟ್ ತೆಗೆದಾಗ ಮರಣದ ತಾರೀಖು ಮತ್ತು ಹಣ ಹೋದ ತಾರೀಖು ಎರಡೂ ಎದುರುಬದುರು ನಿಲ್ಲುತ್ತವೆ. ನಿಪ್ಪಾಣಿಯ ಮಗಳು ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ಅದನ್ನೇ ಕೇಳುತ್ತಾಳೆ, ಕೇಳುವ ಹಕ್ಕು ಅವಳಿಗಿದೆ. ಅವಳು ದೂರು ಕೊಟ್ಟರೆ ಪೊಲೀಸರವರೆಗೂ ಹೋಗಬಹುದು. ಅಣ್ಣ-ತಂಗಿಯ ನಡುವೆ ಮುರಿದ ಮಾತು ಮತ್ತೆ ಕೂಡುವುದು ಕಷ್ಟ. ಇದಕ್ಕೆ ಮೊದಲೇ ಮಾಡಬಹುದಾದ ಸರಳ ವ್ಯವಸ್ಥೆ ಉಂಟು. ಮನೆಖರ್ಚಿನ ಒಂದು ಖಾತೆ ಗಂಡ-ಹೆಂಡತಿ ಇಬ್ಬರ ಹೆಸರಲ್ಲಿರಲಿ, ‘ಇಬ್ಬರಲ್ಲಿ ಯಾರಾದರೂ ಅಥವಾ ಉಳಿದವರು’ ಎಂಬ ಷರತ್ತಿನಲ್ಲಿ. ಪಾಸ್‌ಬುಕ್ಕಿನ ಮೇಲೆ ಇದು Either or Survivor ಎಂದು ಅಚ್ಚಾಗಿರುತ್ತದೆ. ಅಂಥ ಖಾತೆಯಿಂದ ಉಳಿದವರು ತಮ್ಮದೇ ಸಹಿಯಲ್ಲಿ, ತಮ್ಮದೇ ಪಿನ್‌ನಲ್ಲಿ ಹಣ ತೆಗೆಯಬಹುದು.

ಈಗ ಆ ಎರಡು ಖಾತೆಗಳನ್ನು ನೋಡೋಣ. ನಾಮಿನಿ ಇರುವ 3,20,000 ರೂಪಾಯಿಯನ್ನು ಸಹಕಾರಿ ಬ್ಯಾಂಕು ತಾಯಿಗೆ ಕೊಡುತ್ತದೆ. ಅರ್ಜಿ, ಮರಣದ ದಾಖಲೆ, ತಾಯಿಯ ಗುರುತಿನ ಚೀಟಿ, ಇಷ್ಟೇ ಸಾಕು. ಹಾಗಾದರೆ ಹಣ ತಾಯಿಯದಾಯಿತೇ? ಇಲ್ಲ. ನಾಮಿನಿ ಎಂದರೆ ವಾರಸುದಾರರ ಪರವಾಗಿ ಹಣ ಕೈಗೆ ತೆಗೆದುಕೊಳ್ಳುವವರು ಮಾತ್ರ. ನಿಮ್ಮ ಮನೆಗಳ ಗೋಡೆಯ ಮೇಲೆ ತೂಗುವ ಕಾಲನಿರ್ಣಯ ಕ್ಯಾಲೆಂಡರನ್ನು ಶುರು ಮಾಡಿದ ಜಯಂತ ಸಾಳಗಾಂವಕರ ಅವರ ಕುಟುಂಬದಲ್ಲೇ ಈ ಪ್ರಶ್ನೆ ಎದ್ದಿತ್ತು. ಅವರು ಉಯಿಲು ಬರೆದಿದ್ದರು, ಮ್ಯೂಚುವಲ್ ಫಂಡ್ ಮತ್ತು ಷೇರುಗಳಿಗೆ ನಾಮಿನಿಗಳನ್ನೂ ಹೆಸರಿಸಿದ್ದರು. ನಾಮಿನಿಗಳು ಅವು ತಮಗೇ ಸೇರಬೇಕೆಂದರು. ವ್ಯಾಜ್ಯ ಮುಂಬಯಿ ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ನಾಮಿನಿಯಾದ ಮಾತ್ರಕ್ಕೆ ಒಡೆತನ ಬರುವುದಿಲ್ಲ, ಉಯಿಲು ಅಥವಾ ವಾರಸಾ ಕಾಯ್ದೆಯೇ ಒಡೆಯರನ್ನು ನಿರ್ಧರಿಸುತ್ತದೆ ಎಂದು 2023ರ ಡಿಸೆಂಬರ್ 14ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು.

ನಮ್ಮ ಕಲ್ಪನೆಯ ಯಜಮಾನ ಉಯಿಲು ಬರೆದಿಲ್ಲ. ಹಿಂದೂ ವಾರಸಾ ಕಾಯ್ದೆಯ ಪ್ರಕಾರ (ಲಿಂಗಾಯತರಿಗೂ ಜೈನರಿಗೂ ಇದೇ ಕಾಯ್ದೆ) ಅವನ ಸ್ವಂತ ಗಳಿಕೆಯಲ್ಲಿ ತಾಯಿ, ಹೆಂಡತಿ, ಮಗ, ಮಗಳು ನಾಲ್ವರಿಗೂ ಸಮಪಾಲು. ತಾಯಿಯ ಕೈಗೆ ಬಂದ 3,20,000ದಲ್ಲಿ ಪ್ರತಿಯೊಬ್ಬರದು 80,000. ಮದುವೆಯಾಗಿ ನಿಪ್ಪಾಣಿಗೆ ಹೋದ ಮಗಳ ಪಾಲು ಒಂದು ರೂಪಾಯಿಯೂ ಕಡಿಮೆಯಾಗುವುದಿಲ್ಲ. ಮುಸ್ಲಿಂ ಮನೆಗಳಲ್ಲಿ ಪಾಲು ಅವರ ಧರ್ಮದ ಕಾಯ್ದೆಯಂತೆ ನಡೆಯುತ್ತದೆ. ಬೇರೆ ರೀತಿ ಹಂಚಬೇಕೆಂದರೆ ಹಿಂದೂ ಕಾಯ್ದೆಯಡಿ ಬರುವವರಿಗೆ ಉಯಿಲೇ ದಾರಿ. ಬಿಳಿ ಕಾಗದದ ಮೇಲೆ ಬರೆದು ಸಹಿ ಹಾಕಿ, ಇಬ್ಬರು ಸಾಕ್ಷಿಗಳು ಸಹಿ ಮಾಡಿದರೆ ಅದು ಉಯಿಲು. ನೋಂದಣಿ ಮಾಡಿಸುವುದು ಕಡ್ಡಾಯವಲ್ಲ.

ನಾಮಿನಿ ಇಲ್ಲದ 1,85,000 ರೂಪಾಯಿಗೆ ಜನ ಹೆದರುತ್ತಾರೆ, ಕೋರ್ಟಿಗೇ ಹೋಗಬೇಕೆಂದುಕೊಳ್ಳುತ್ತಾರೆ. ಈಗ ಆ ಭಯ ಬೇಡ. 2025ರ ಸೆಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಹೊಸ ನಿರ್ದೇಶನ ಹೊರಡಿಸಿ ಎಲ್ಲ ಬ್ಯಾಂಕುಗಳಿಗೂ ಒಂದೇ ರೀತಿಯ ವಿಧಾನ ಗೊತ್ತುಮಾಡಿತು, 2026ರ ಮಾರ್ಚ್ 31ರೊಳಗೆ ಜಾರಿಗೆ ತರಬೇಕೆಂದು ಹೇಳಿತು. ನಾಮಿನಿ ಇಲ್ಲದಿದ್ದರೂ ಸಹಕಾರಿ ಬ್ಯಾಂಕುಗಳಲ್ಲಿ 5 ಲಕ್ಷದವರೆಗೆ, ಉಳಿದ ಬ್ಯಾಂಕುಗಳಲ್ಲಿ 15 ಲಕ್ಷದವರೆಗೆ ಕೋರ್ಟಿನ ಉತ್ತರಾಧಿಕಾರ ಪತ್ರ ಕೇಳದೆ ಹಣ ಕೊಡಬೇಕು. ವಾರಸುದಾರರ ಅರ್ಜಿ, ಹಣ ಬೇಡವೆನ್ನುವವರ ಒಪ್ಪಿಗೆ ಪತ್ರ, ನಷ್ಟ ತುಂಬಿಕೊಡುವ ಕರಾರು ಪತ್ರ, ವಾರಸುದಾರರು ಯಾರೆಂಬ ದಾಖಲೆ ಇಷ್ಟು ಬೇಕಾಗುತ್ತವೆ. ಎಲ್ಲ ಕಾಗದ ಮುಟ್ಟಿದ 15 ದಿನದೊಳಗೆ ಇತ್ಯರ್ಥ ಮಾಡಬೇಕು, ಬ್ಯಾಂಕಿನ ತಪ್ಪಿನಿಂದ ತಡವಾದರೆ ಬಡ್ಡಿ ಸೇರಿಸಿ ಕೊಡಬೇಕು. ಅರ್ಜಿ ಕೊಟ್ಟ ದಿನವೇ ತಾರೀಖು ಹಾಕಿದ ಸ್ವೀಕೃತಿ ಕೇಳಿ ತೆಗೆದುಕೊಳ್ಳಿ. ಅದಿಲ್ಲದಿದ್ದರೆ 15 ದಿನ ಯಾವತ್ತಿನಿಂದ ಎಣಿಸುತ್ತೀರಿ?

ಈ ಮಿತಿಗಿಂತ ಹೆಚ್ಚು ಹಣವಿದ್ದರೆ, ಅಥವಾ ವಾರಸುದಾರರಲ್ಲಿ ಜಗಳವಿದ್ದರೆ, ಆಗ ಕೋರ್ಟು. ಇಲ್ಲಿ ಗಡಿಯ ಎರಡು ಬದಿಯ ಪದ್ಧತಿ ಬೇರೆಯೆಂದು ನೆನಪಿರಲಿ. ಕರ್ನಾಟಕದಲ್ಲಿ ನಾಡಕಚೇರಿಯಿಂದ ವಂಶವೃಕ್ಷ ಸಿಗುತ್ತದೆ, ನಿಮ್ಮ ಬೀಗರು ಅದನ್ನೇ ತನ್ನಿ ಎನ್ನುತ್ತಾರೆ. ಮಹಾರಾಷ್ಟ್ರದಲ್ಲಿ ವಾರಸಾ ಪ್ರಮಾಣಪತ್ರವನ್ನು 1827ರ ಮುಂಬಯಿ ಕಾನೂನಿನಡಿ ನ್ಯಾಯಾಲಯ ಕೊಡುತ್ತದೆ. ತಲಾಠಿ ಹಾಕುವ ವಾರಸಾ ನೋಂದ ಹೊಲಕ್ಕೆ ಸಂಬಂಧಿಸಿದ್ದು. ಅದನ್ನು ತೋರಿಸಿ ದೊಡ್ಡ ಮೊತ್ತದ ಠೇವು ಬಿಡಿಸಲು ಆಗುವುದಿಲ್ಲ.

ನಾಮಿನಿ ಹೆಸರಿದ್ದರೆ ಇಷ್ಟೆಲ್ಲ ಅಲೆದಾಟ ತಪ್ಪುತ್ತದೆ. 2025ರ ನವೆಂಬರ್ 1ರಿಂದ ಒಂದು ಠೇವಿಗೆ ನಾಲ್ವರವರೆಗೆ ನಾಮಿನಿಗಳನ್ನು ಹೆಸರಿಸಬಹುದು, ಯಾರಿಗೆ ಶೇಕಡಾ ಎಷ್ಟು ಎಂದೂ ಬರೆಸಬಹುದು. ಆ ಮನೆಯವನು ಇದನ್ನು ಮಾಡಿದ್ದರೆ ತಾಯಿಗೆ 25, ಹೆಂಡತಿಗೆ 25, ಮಕ್ಕಳಿಗೆ 25-25 ಎಂದು ನೇರ ಅವರವರ ಕೈಗೇ ಹೋಗುತ್ತಿತ್ತು, ಅತ್ತೆಯ ಮುಂದೆ ಸೊಸೆ ಕೈಚಾಚಬೇಕಿರಲಿಲ್ಲ.

ಈಗ ಯಾರಿಗೂ ಗೊತ್ತಿಲ್ಲದ ಹಣದ ಮಾತು. ಪಾಸ್‌ಬುಕ್ ತುಂಬಿಸಿಕೊಂಡು ಬಂದು ಮೇ ಕೊನೆಯ ವಾರದ ಸಾಲುಗಳನ್ನು ಬೆರಳಿಟ್ಟು ನೋಡಿ. ಅಲ್ಲಿ 436 ರೂಪಾಯಿ ಕಡಿತವಾಗಿದ್ದರೆ ಅದು ಪ್ರಧಾನಮಂತ್ರಿ ಜೀವನಜ್ಯೋತಿ ವಿಮೆ, ಯಾವ ಕಾರಣದ ಸಾವಿಗೂ 2 ಲಕ್ಷ. 20 ರೂಪಾಯಿ ಹೋಗಿದ್ದರೆ ಅದು ಸುರಕ್ಷಾ ವಿಮೆ, ಅಪಘಾತದ ಸಾವಿಗೆ 2 ಲಕ್ಷ. ಖಾತೆ ತೆರೆಯುವಾಗ ಹಾಕಿದ ಸಹಿಯಿಂದ ವರ್ಷವರ್ಷ ತಾನಾಗಿ ಕಡಿತವಾಗುತ್ತ ಬಂದಿರುವುದರಿಂದ ಗಂಡನಿಗೇ ನೆನಪಿರುವುದಿಲ್ಲ. ಈ ಎರಡು ಸಣ್ಣ ಸಂಖ್ಯೆಗಳನ್ನು ಯಾರೂ ನೋಡದೆ ಬಿಟ್ಟ ಮನೆಗಳನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ಷೇರು ಇದ್ದರೆ ಅದರ ಸುಳಿವು ಇಮೇಲಿನಲ್ಲಿರುತ್ತದೆ. NSDL ಅಥವಾ CDSL ಎಂಬ ಹೆಸರಿನಿಂದ ಒಟ್ಟು ಹಿಡುವಳಿಯ ಪಟ್ಟಿ ಬರುತ್ತದೆ, ಅದು ಪ್ಯಾನ್ ಸಂಖ್ಯೆ ಹಾಕಿದರೆ ತೆರೆಯುತ್ತದೆ. ಹತ್ತು ವರ್ಷ ಯಾರೂ ಮುಟ್ಟದ ಬ್ಯಾಂಕ್ ಠೇವು ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ, ಆದರೆ ಕಳೆದುಹೋಗುವುದಿಲ್ಲ. 2023ರಲ್ಲಿ ಶುರುವಾದ UDGAM ಎಂಬ ಜಾಲತಾಣದಲ್ಲಿ ಹೆಸರು ಹಾಕಿ ಹುಡುಕಬಹುದು. ಇನ್ನು, ‘ಫೋನ್‌ಪೇಯಲ್ಲಿ ದುಡ್ಡಿದೆ’ ಎನ್ನುವ ಮಾತು. ಯುಪಿಐ ಬರೀ ದಾರಿ, ಹಣ ಇರುವುದು ಬ್ಯಾಂಕಿನಲ್ಲೇ. ಆ್ಯಪಿನೊಳಗೆ ಬೇರೆಯಾಗಿ ತುಂಬಿಸಿದ ವ್ಯಾಲೆಟ್ ಹಣವಿದ್ದರೆ ಮಾತ್ರ ಆ ಕಂಪನಿಗೆ ಪ್ರತ್ಯೇಕ ಅರ್ಜಿ ಕೊಡಬೇಕು.

ಇಲ್ಲಿಯವರೆಗೆ ಕಾಗದದ ಮಾತಾಯಿತು. ಕೀಲಿಯ ಮಾತಿನಲ್ಲಿ ಎಲ್ಲಕ್ಕಿಂತ ಮೊದಲು ಬರುವುದು ಸಿಮ್. ತೀರಿಕೊಂಡವರ ಸಿಮ್ ಇನ್ನೇಕೆ ಎಂದು ರೀಚಾರ್ಜ್ ನಿಲ್ಲಿಸುತ್ತಾರೆ. ಪ್ರಿಪೇಯ್ಡ್ ನಂಬರು 90 ದಿನ ಬಳಕೆಯಿಲ್ಲದೆ ಬಿದ್ದರೆ ಬಂದ್ ಆಗಬಹುದು, ಆಮೇಲೆ ಅದೇ ನಂಬರು ಬೇರೆ ಯಾರಿಗೋ ಹೋಗುತ್ತದೆ. ಬ್ಯಾಂಕಿನ ಸಂದೇಶ, ವಿಮೆಯ ಸಂದೇಶ, ಇಮೇಲ್ ತೆರೆಯುವ ಒಟಿಪಿ ಎಲ್ಲವೂ ಬರುವುದು ಆ ನಂಬರಿಗೇ. ಮರಣದ ದಾಖಲೆ, ನಿಮ್ಮ ಆಧಾರ್ ಮತ್ತು ಉಳಿದ ವಾರಸುದಾರರ ಒಪ್ಪಿಗೆ ಹಿಡಿದು ಕಂಪನಿಯ ಅಂಗಡಿಗೆ ಹೋಗಿ ನಂಬರನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಅಲ್ಲಿಯತನಕ ರೀಚಾರ್ಜ್ ತಪ್ಪಿಸಬೇಡಿ. ಆದರೆ ಆ ಒಟಿಪಿ ಬಳಸಿ ಹಣ ತೆಗೆಯಬೇಡಿ. ಹಣದ ದಾರಿ ಮೇಲೆ ಹೇಳಿದ ಕಾಗದದ ದಾರಿಯೇ.

ಆತುರದಲ್ಲಿ ಮಾಡಬಾರದ ಎರಡು ಕೆಲಸಗಳಿವೆ. ಲಾಕ್ ಬಿಚ್ಚಲೆಂದು ಅಂಗಡಿಗೆ ಒಯ್ದರೆ ಅವರು ಫೋನನ್ನು ರೀಸೆಟ್ ಮಾಡಿ ಕೊಡುತ್ತಾರೆ. ಫೋನು ತೆರೆಯುತ್ತದೆ, ಒಳಗಿನದೆಲ್ಲ ಅಳಿಸಿಹೋಗಿರುತ್ತದೆ. ಹಾಗೆಯೇ ಸಿಮ್ ತೆಗೆದು ಬೇರೆ ಫೋನಿಗೆ ಹಾಕಿ ವಾಟ್ಸ್‌ಆ್ಯಪ್ ತೆರೆದರೆ ಹಳೆಯ ಫೋನಿನಲ್ಲಿ ಅದು ಮುಚ್ಚಿಕೊಳ್ಳುತ್ತದೆ, ಮಾತುಕತೆಗಳು ಹೊಸ ಫೋನಿಗೆ ಬರುವುದು ಬ್ಯಾಕಪ್ ಇದ್ದು ಅದರ ಗೂಗಲ್ ಖಾತೆ ಕೈಯಲ್ಲಿದ್ದರೆ ಮಾತ್ರ. 120 ದಿನ ಬಳಸದ ವಾಟ್ಸ್‌ಆ್ಯಪ್ ಖಾತೆ ಸಾಮಾನ್ಯವಾಗಿ ಅಳಿಸಿಹೋಗುತ್ತದೆ. ಫೋನು ತೆರೆಯುವ ಪಿನ್ ಗೊತ್ತಿದ್ದರೆ ಮೊದಲು ಫೋಟೊ ಮತ್ತು ದನಿಯ ಸಂದೇಶಗಳನ್ನು ಬೇರೆ ಕಡೆ ನಕಲು ಮಾಡಿಟ್ಟುಕೊಳ್ಳಿ. ಬೆರಳಚ್ಚಿನ ಮೇಲೆ ನೆಚ್ಚಿಕೊಂಡವರಿಗೆ ಒಂದು ಮಾತು: ಫೋನು ಒಮ್ಮೆ ಆರಿ ಮತ್ತೆ ಹೊತ್ತಿದಾಗ ಅದು ಪಿನ್ನನ್ನೇ ಕೇಳುತ್ತದೆ.

ಗೂಗಲ್‌ನಲ್ಲಿರುವ ಫೋಟೊಗೆ ಮೊದಲೇ ವಾರಸರನ್ನು ಹೆಸರಿಸುವ ವ್ಯವಸ್ಥೆ 2013ರಿಂದಲೂ ಇದೆ. ಫೋನಿನಲ್ಲಿ ಈ ವಿಳಾಸ ತೆರೆಯಿರಿ: myaccount.google.com/inactive. ಎಷ್ಟು ಕಾಲ ಖಾತೆ ಸುಮ್ಮನಿದ್ದರೆ ನಿಮ್ಮವರಿಗೆ ತಿಳಿಸಬೇಕು ಎಂದು ಕೇಳುತ್ತದೆ, 3 ತಿಂಗಳಿನಿಂದ 18 ತಿಂಗಳವರೆಗೆ ಆಯ್ದುಕೊಳ್ಳಬಹುದು. ಹತ್ತು ಜನರವರೆಗೆ ಇಮೇಲ್ ಮತ್ತು ಫೋನ್ ನಂಬರು ಕೊಟ್ಟು, ಯಾರಿಗೆ ಫೋಟೊ ಮಾತ್ರ, ಯಾರಿಗೆ ಎಲ್ಲವೂ ಎಂದು ಗುರುತಿಸಬಹುದು. ಅವಧಿ ಮುಗಿಯುವ ಮೊದಲು ಖಾತೆದಾರನಿಗೇ ಎಚ್ಚರಿಕೆ ಹೋಗುತ್ತದೆ. ಅವನು ಬದುಕಿದ್ದರೆ ಒಂದು ಒತ್ತಿನಲ್ಲಿ ತಡೆಯಬಹುದು. ಹೆಸರಿಸಿದವರಿಗೆ ಆಗಲೇ ಗೂಗಲ್ ಏನೂ ತಿಳಿಸುವುದಿಲ್ಲವಾದ್ದರಿಂದ ನೀವೇ ಬಾಯಿಂದ ಹೇಳಿಡಬೇಕು. ಇದನ್ನು ಮಾಡದೆ ಬಿಟ್ಟರೆ, ಎರಡು ವರ್ಷ ಯಾರೂ ತೆರೆಯದ ಖಾತೆಯನ್ನು ಗೂಗಲ್ ಅಳಿಸಬಹುದು. ಮನೆಯವರು ಅರ್ಜಿ ಹಾಕಿದರೆ ಕೆಲವೊಮ್ಮೆ ಒಳಗಿನದನ್ನು ಕೊಡುತ್ತಾರೆ, ಪಾಸ್‌ವರ್ಡ್ ಎಂದೂ ಕೊಡುವುದಿಲ್ಲ. ಐಫೋನ್ ಇರುವ ಮಕ್ಕಳಿದ್ದರೆ Legacy Contact ಎಂಬಲ್ಲಿ ಐವರವರೆಗೆ ಹೆಸರಿಸಬಹುದು. ಅಲ್ಲಿ ಸಿಗುವ ಕೀಲಿ ಸಂಖ್ಯೆಯನ್ನು ಮುದ್ರಿಸಿ ಇಡಬೇಕು, ಮರಣದ ದಾಖಲೆಯ ಜೊತೆ ಅದೂ ಬೇಕಾಗುತ್ತದೆ.

ಕಂಪನಿ ಕೊಡದಿದ್ದರೆ ಕಾಯ್ದೆ ಕೊಡಿಸುವುದಿಲ್ಲವೇ ಎಂದು ನೀವು ಕೇಳಬಹುದು. ಜರ್ಮನಿಯಲ್ಲಿ ಕೊಡಿಸಿದೆ. ಬರ್ಲಿನ್‌ನಲ್ಲಿ 2012ರಲ್ಲಿ 15 ವರ್ಷದ ಹುಡುಗಿ ರೈಲಿಗೆ ಸಿಕ್ಕು ಸತ್ತಳು. ಅದು ಅಪಘಾತವೋ ಆತ್ಮಹತ್ಯೆಯೋ ತಿಳಿಯಲು ತಾಯಿ ಮಗಳ ಫೇಸ್‌ಬುಕ್ ಸಂದೇಶ ಓದಬಯಸಿದರು. ಕಂಪನಿ ಒಪ್ಪಲಿಲ್ಲ. 2018ರ ಜುಲೈನಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಾಲಯ, ಪತ್ರ ಮತ್ತು ದಿನಚರಿ ವಾರಸರಿಗೆ ಹೋಗುವಂತೆ ಈ ಖಾತೆಯೂ ಹೋಗುತ್ತದೆ ಎಂದಿತು. ಆ ತಾಯಿ ಆರು ವರ್ಷ ಕಾದರು. ನಮ್ಮಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ 14ನೆಯ ಕಲಮು, ಸತ್ತ ನಂತರ ತನ್ನ ಮಾಹಿತಿಯ ಹಕ್ಕುಗಳನ್ನು ಚಲಾಯಿಸಲು ಒಬ್ಬರನ್ನು ನಾಮಿನಿ ಮಾಡಬಹುದೆನ್ನುತ್ತದೆ. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು, ಈ ಭಾಗ ಜಾರಿಗೆ ಬರಲು ಅಲ್ಲಿಂದ 18 ತಿಂಗಳ ಅವಧಿ ಇಟ್ಟಿದ್ದಾರೆ. ಆ ಕಲಮೂ ಮೊದಲೇ ಹೆಸರಿಸಿದವರಿಗೆ ಮಾತ್ರ ಉಪಯೋಗಕ್ಕೆ ಬರುವಂಥದ್ದು.

ಬಿಟ್‌ಕಾಯಿನ್ ಮುಂತಾದವನ್ನು ನಿಮ್ಮ ಗಂಡುಮಕ್ಕಳು ಕೊಂಡಿರಬಹುದು, ಕೇಳಿ ನೋಡಿ. ಕ್ರಿಪ್ಟೊ ಕೂಡ ಒಂದು ಆಸ್ತಿಯೇ ಎಂದು ಮದ್ರಾಸ್ ಹೈಕೋರ್ಟ್ 2025ರ ಅಕ್ಟೋಬರ್‌ನಲ್ಲಿ ಹೇಳಿದೆ. ಆಸ್ತಿಯೆಂದ ಮೇಲೆ ವಾರಸರಿಗೆ ಸೇರಬೇಕಾದದ್ದೇ. ಅದು ಯಾವುದಾದರೂ ಎಕ್ಸ್‌ಚೇಂಜಿನ ಖಾತೆಯಲ್ಲಿದ್ದರೆ ಕಾಗದ ಕೊಟ್ಟು ಕೇಳಬಹುದು. ಸ್ವಂತ ವ್ಯಾಲೆಟ್‌ನಲ್ಲಿದ್ದರೆ 12 ಅಥವಾ 24 ಇಂಗ್ಲಿಷ್ ಪದಗಳ ಒಂದು ಸಾಲು ಇರುತ್ತದೆ, ಅದೇ ಕೀಲಿ. ಆ ಪದಗಳು ಯಾರ ಕೈಯಲ್ಲಿವೆಯೋ ಹಣ ಅವರದು, ಕಳೆದರೆ ಯಾವ ಕೋರ್ಟೂ ಮರಳಿಸಲಾರದು. ಅವನ್ನು ಫೋಟೊ ತೆಗೆದು ಫೋನಿನಲ್ಲಿಡಬಾರದು. ಕಾಗದದ ಮೇಲೆ ಅದೇ ಕ್ರಮದಲ್ಲಿ ಬರೆದು, ಒಂದೊಂದು ಪೂರ್ತಿ ಪ್ರತಿಯನ್ನು ಎರಡು ಬೇರೆ ಭದ್ರ ಜಾಗದಲ್ಲಿ ಇಡಬೇಕು.

ಇನ್ನು ಬರೆದಿಡುವ ಕ್ರಮ. ಒಂದು ನೂರು ಪುಟದ ವಹಿ ಸಾಕು. ಅದರಲ್ಲಿ ಮೊಬೈಲ್ ನಂಬರುಗಳು, ಇಮೇಲ್ ವಿಳಾಸ, ಬ್ಯಾಂಕು ಮತ್ತು ಶಾಖೆಯ ಹೆಸರು, ಖಾತೆಯ ಕೊನೆಯ ನಾಲ್ಕು ಅಂಕಿ, ನಾಮಿನಿ ಯಾರು, ಡಿಮ್ಯಾಟ್ ಯಾವ ಕಂಪನಿಯಲ್ಲಿದೆ, ವಿಮೆ, ಕೊಟ್ಟ ಸಾಲ, ತಂದ ಸಾಲ ಬರೆಯಿರಿ. ಈ ವಹಿ ಕಳ್ಳನ ಕೈಗೆ ಬಿದ್ದರೂ ಅವನು ಹಣ ತೆಗೆಯಲಾರ. ಎಟಿಎಂ ಪಿನ್, ಯುಪಿಐ ಪಿನ್ ಇದರಲ್ಲಿ ಬರೆಯಬೇಡಿ, ವಾರಸರಿಗೆ ಅವು ಬೇಕಾಗುವುದೇ ಇಲ್ಲ. ಬೇರೊಂದು ಲಕೋಟೆಯಲ್ಲಿ ಫೋನು ತೆರೆಯುವ ಪಿನ್, ಇಮೇಲಿನ ಪಾಸ್‌ವರ್ಡ್, ವಾಟ್ಸ್‌ಆ್ಯಪ್‌ನ ಎರಡನೆಯ ಪಿನ್ ಬರೆದು ಅಂಟು ಹಾಕಿ, ಅಂಟಿನ ಮೇಲೆ ಅಡ್ಡ ಸಹಿ ಮಾಡಿ ಟ್ರೆಜರಿಯಲ್ಲಿ ಇಡಿ. ಪಾಸ್‌ವರ್ಡ್ ಬದಲಾದಾಗ ಲಕೋಟೆಯೂ ಬದಲಾಗಬೇಕು. ಗಂಡ ಬರೆಯಲು ಒಪ್ಪದಿದ್ದರೆ ನೀವು ನಿಮ್ಮದನ್ನು ಬರೆದು ಅವರ ಕೈಗೆ ಕೊಡಿ. ಬಚತ ಗಟದ ಹಣ, ನಿಮ್ಮ ಜನಧನ ಖಾತೆ ನಿಮ್ಮ ಮಕ್ಕಳಿಗೂ ಗೊತ್ತಿರಬೇಕಲ್ಲವೇ?

ಗಟದ ಅಧ್ಯಕ್ಷರಲ್ಲಿ ಒಂದು ವಿನಂತಿ. ಮುಂದಿನ ತಿಂಗಳ ಬೈಠಕಿಗೆ ಎಲ್ಲರೂ ಮನೆಯ ಪಾಸ್‌ಬುಕ್ ಮಾತ್ರ ತರಲಿ, ವಹಿ ಮತ್ತು ಲಕೋಟೆ ಮನೆಯಲ್ಲೇ ಇರಲಿ. ಮೊದಲ ಪುಟದಲ್ಲಿ ನಾಮಿನಿ ನೋಂದಾಯಿತ ಎಂದು ಅಚ್ಚಾಗಿದೆಯೇ, ಹೆಸರು ಯಾರದು, ಆ ವ್ಯಕ್ತಿ ಈಗ ಬದುಕಿದ್ದಾರೆಯೇ ಎಂದು ಓದಲು ಬರುವ ಒಬ್ಬರು ಎಲ್ಲರದನ್ನೂ ಓದಿ ಹೇಳಲಿ. ಖಾಲಿ ಇರುವವರು ಮತ್ತು ಬದಲಿಸಬೇಕಾದವರು ಒಂದೇ ದಿನ ಕೂಡಿ ಬ್ಯಾಂಕಿಗೆ ಹೋಗಿ ಅರ್ಜಿ ಕೊಡಿ, ಸ್ವೀಕೃತಿ ತೆಗೆದುಕೊಂಡೇ ಬನ್ನಿ.

ನಿಮ್ಮ ಹಿತ ಬಯಸುವ,
ನಿಪ್ಪಾಣಿ ಕಡೆಯ ಒಬ್ಬ ನಿವೃತ್ತ ಬ್ಯಾಂಕ್ ನೌಕರ